‘ಅತಿ ಆಸೆ ಗತಿಗೇಡು’ ಎನ್ನುವ ಮುನ್ನ

ಮನೆಗೆ ಕನ್ನ ಹಾಕಿದ ಸುದ್ದಿಯನ್ನು ನಮ್ಮ ಪತ್ರಿಕೆಗಳು ಹೇಗೆ ಬರೆಯುತ್ತವೆ ಎಂದು ಗಮನಿಸಿ. ಕಳ್ಳರು ಬೀಗ ಮುರಿದರು, ಚಿನ್ನಾಭರಣ ದೋಚಿದರು, ಪರಾರಿಯಾದರು. ಮೂರು ಕ್ರಿಯಾಪದಗಳಿಗೂ ಕಳ್ಳರೇ ಕರ್ತೃ. ಈಗ ನಕಲಿ ಟ್ರೇಡಿಂಗ್ ಆ್ಯಪ್‌ನ ಸುದ್ದಿಗೆ ಬನ್ನಿ. ನಿವೃತ್ತ ನೌಕರರೊಬ್ಬರು ಹೆಚ್ಚಿನ ಲಾಭದ ಆಸೆಗೆ ಬಿದ್ದರು, ಮೋಸ ಹೋದರು, ಲಕ್ಷಾಂತರ ರೂಪಾಯಿ ಕಳೆದುಕೊಂಡರು. ಇಲ್ಲಿಯೂ ಮೂರು ಕ್ರಿಯಾಪದಗಳಿವೆ, ಆದರೆ ಮೂರಕ್ಕೂ ದುಡ್ಡು ಹೋದವರೇ ಕರ್ತೃ. ಕಳ್ಳ ಆ ವಾಕ್ಯದಲ್ಲಿ ಇಲ್ಲವೇ ಇಲ್ಲ. ‘ಕಳೆದುಕೊಂಡರು’ ಎಂಬುದರೊಳಗಿನ ‘ಕೊಳ್ಳು’ ಸುಮ್ಮನೆ ಕೂತಿಲ್ಲ. ಮಾಡಿಕೊಂಡ, ತಂದುಕೊಂಡ, ಸುಟ್ಟುಕೊಂಡ ಎನ್ನುವಾಗಿನಂತೆ ಅದು ಇಲ್ಲೂ ತನ್ನ ಕೈಯಾರೆ ತನಗೇ ಆದದ್ದು ಎಂಬ ಛಾಯೆಯನ್ನು ಮೆತ್ತುತ್ತದೆ. ಸುದ್ದಿಯ ಕೆಳಗೆ ಯಾರೋ ಒಬ್ಬರು ‘ಅತಿ ಆಸೆ ಗತಿಗೇಡು’ ಎಂದು ಬರೆದರೆ ಪ್ರಕರಣ ಮುಗಿಯಿತು.

ಆ ಗಾದೆ ಇಲ್ಲಿ ನಿಷ್ಠುರವಾಗಿದೆ ಎಂಬುದು ನನ್ನ ತಕರಾರಲ್ಲ. ಅದು ತಪ್ಪಾಗಿದೆ ಎಂಬುದು ನನ್ನ ತಕರಾರು. ಈ ವಂಚನೆಯಲ್ಲಿ ದೊಡ್ಡ ಮೊತ್ತಗಳು ಕೈಬಿಡುವುದು ಆಸೆ ಹುಟ್ಟಿದಾಗಲ್ಲ, ‘ಇನ್ನು ಸಾಕು, ನನ್ನ ದುಡ್ಡು ನನಗೆ ಕೊಡಿ’ ಎಂದು ಕೇಳಿದ ಮೇಲೆ. ಇದನ್ನು ನೋಡಬೇಕಾದರೆ ಒಂದು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಹಾಕಬೇಕು. ಕೆಳಗಿನ ಅಂಕಿಗಳು ನಾನು ಕಟ್ಟಿಕೊಂಡ ಉದಾಹರಣೆಯವು. ಮೊತ್ತ ಒಬ್ಬೊಬ್ಬರಿಗೆ ಒಂದೊಂದು. ಆದರೆ ಹಂತಗಳು ನಾನು ಕಟ್ಟಿದವಲ್ಲ. ದೂರಿನಿಂದ ದೂರಿಗೆ ಅವೇ ಮರುಕಳಿಸುತ್ತವೆ.

ನಿವೃತ್ತ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಅಂದುಕೊಳ್ಳಿ. ಅವರನ್ನು ಯಾರೋ ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸುತ್ತಾರೆ. ಅಲ್ಲೊಬ್ಬ ‘ಪ್ರೊಫೆಸರ್’ ದಿನವೂ ಷೇರು ಮಾರುಕಟ್ಟೆಯ ಪಾಠ ಹೇಳುತ್ತಾನೆ, ಅವನ ‘ಸಹಾಯಕಿ’ ಅನುಮಾನಗಳನ್ನು ಪರಿಹರಿಸುತ್ತಾಳೆ, ನೂರಾರು ಸದಸ್ಯರು ತಮ್ಮ ಲಾಭದ ಸ್ಕ್ರೀನ್‌ಶಾಟ್ ಹಾಕುತ್ತಾರೆ. ಆ ಸದಸ್ಯರಲ್ಲಿ ಬಹುತೇಕರು ವಂಚಕರದೇ ನಂಬರುಗಳು. ಕೆಲವು ವಾರಗಳ ಬಳಿಕ ಒಂದು ಲಿಂಕ್ ಬರುತ್ತದೆ, ಆ್ಯಪ್ ಮೊಬೈಲಿಗೆ ಇಳಿಯುತ್ತದೆ. ಮೇಡಂ 10,000 ರೂಪಾಯಿ ಹಾಕುತ್ತಾರೆ. ನಾಲ್ಕು ದಿನದಲ್ಲಿ ಅದು 11,800 ಎಂದು ಕಾಣುತ್ತದೆ. ಪರೀಕ್ಷಿಸಲೆಂದು 3,000 ಹಿಂದಕ್ಕೆ ಕೇಳುತ್ತಾರೆ, ಅದು ನಿಜವಾಗಿಯೂ ಅವರ ಬ್ಯಾಂಕ್ ಖಾತೆಗೆ ಬರುತ್ತದೆ. ಅನುಮಾನಿಸಬೇಕಾದವರು ಮಾಡಬೇಕಾದ ಪರೀಕ್ಷೆಯನ್ನೇ ಅವರು ಮಾಡಿದ್ದಾರೆ. ವಂಚಕರಿಗೆ ಆ ಪರೀಕ್ಷೆಯ ಬೆಲೆ 3,000 ರೂಪಾಯಿ, ಅಷ್ಟೆ.

ಬಳಿಕ ಅವರು 2 ಲಕ್ಷ ಹಾಕುತ್ತಾರೆ. ಇಲ್ಲಿಯವರೆಗಿನದ್ದನ್ನು ಬೇಕಾದರೆ ಆಸೆ ಎನ್ನಿ, ನಾನು ಒಪ್ಪುತ್ತೇನೆ. ಮುಂದೆ ಆಗುವುದನ್ನು ನೋಡಿ. ಅವರ ಪರವಾಗಿ ಒಂದು ಐಪಿಒಗೆ ಅರ್ಜಿ ಹಾಕಲಾಗಿದೆ, ‘ನಿಮಗೆ 10 ಲಕ್ಷದ ಷೇರು ಹಂಚಿಕೆಯಾಗಿದೆ, ಅಭಿನಂದನೆ, ಉಳಿದ 8 ಲಕ್ಷ ಮೂರು ದಿನದೊಳಗೆ ಕಟ್ಟಿ, ಇಲ್ಲದಿದ್ದರೆ ಖಾತೆ ಸ್ಥಗಿತವಾಗುತ್ತದೆ’ ಎಂಬ ಸಂದೇಶ ಬರುತ್ತದೆ. ‘ನನಗೆ ಇಷ್ಟು ಬೇಡ’ ಎಂದು ಅವರು ಬರೆಯುತ್ತಾರೆ. ‘ಹಂಚಿಕೆಯಾದದ್ದನ್ನು ನಿರಾಕರಿಸುವಂತಿಲ್ಲ ಮೇಡಂ, ಕಾನೂನು ಕ್ರಮ ಆಗುತ್ತದೆ’ ಎಂಬ ಉತ್ತರ ಬರುತ್ತದೆ. ಹಾಕಿದ 2 ಲಕ್ಷ ಉಳಿಸಿಕೊಳ್ಳಲು ಅವರು ಠೇವಣಿ ಮುರಿಸುತ್ತಾರೆ, ಬಳೆ ಅಡವಿಡುತ್ತಾರೆ. ಕೆಲವೇ ದಿನಗಳಲ್ಲಿ ಆ್ಯಪ್ 42 ಲಕ್ಷ ತೋರಿಸುತ್ತದೆ. ಅವರು ಅದನ್ನು 84 ಮಾಡಲು ಹೊರಡುವುದಿಲ್ಲ. ಸಾಲ ತೀರಿಸಲು 10 ಲಕ್ಷ ಹಿಂದಕ್ಕೆ ಕೇಳುತ್ತಾರೆ.

ಆಗ ತೆರಿಗೆಯ ಮಾತು ಹುಟ್ಟುತ್ತದೆ. 32 ಲಕ್ಷ ಲಾಭಕ್ಕೆ ಶೇ. 20ರಂತೆ 6 ಲಕ್ಷ 40 ಸಾವಿರ ಮೊದಲು ಕಟ್ಟಬೇಕು. ‘ನನ್ನ 42 ಲಕ್ಷದಲ್ಲೇ ಹಿಡಿದುಕೊಳ್ಳಿ’ ಎಂದರೆ ನಿಯಮದಲ್ಲಿ ಅವಕಾಶವಿಲ್ಲ ಎನ್ನುತ್ತಾರೆ. ಕಟ್ಟಿದ ಮೇಲೆ, ದೊಡ್ಡ ಮೊತ್ತವಾದ್ದರಿಂದ ಪರಿಶೀಲನಾ ಠೇವಣಿಯೆಂದು 4 ಲಕ್ಷ 20 ಸಾವಿರ ಕೇಳುತ್ತಾರೆ. ಅದನ್ನೂ ಕಟ್ಟಿದರೆ ಇನ್ನೊಂದು ಶುಲ್ಕ. ಕೊಡುವವರ ಕೈ ಬರಿದಾಗುವವರೆಗೆ ಶುಲ್ಕಗಳ ಹೆಸರು ಬರಿದಾಗುವುದಿಲ್ಲ.

ಈಗ ಕೂಡಿಸಿ. ಲಾಭದ ಆಸೆಯಿಂದ ಹಾಕಿದ್ದು 2 ಲಕ್ಷ 10 ಸಾವಿರ. ಹಾಕಿದ್ದು ಮುಳುಗೀತು ಎಂಬ ಭಯದಿಂದ ಹಾಕಿದ್ದು 18 ಲಕ್ಷ 60 ಸಾವಿರ. ನೂರಕ್ಕೆ ತೊಂಬತ್ತರಷ್ಟು ಹಣ ಹೋದದ್ದು ಹೊರಗೆ ಬರುವ ಬಾಗಿಲಲ್ಲಿ. ಗಾದೆಗೆ ಸಿಕ್ಕಿದ್ದು ಉಳಿದ ಹತ್ತರ ವಿವರಣೆ ಮಾತ್ರ.

ಆ್ಯಪ್‌ನೊಳಗೆ ಏನಿದೆ ಎಂದು ತಿಳಿದರೆ ಈ ರಚನೆ ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಷೇರು ಇಲ್ಲ, ಷೇರುಪೇಟೆಯ ಸಂಪರ್ಕವೂ ಇಲ್ಲ. ಕಂಪನಿಗಳ ಹೆಸರು ನಿಜವಿರಬಹುದು, ಏರಿಳಿಯುವ ಬೆಲೆಯೂ ನಿಜದ ಮಾರುಕಟ್ಟೆಯಿಂದ ಎತ್ತಿಕೊಂಡದ್ದಿರಬಹುದು. ಆದರೆ ‘ನಿಮ್ಮ ಬಾಕಿ’ ಎಂಬ ಜಾಗದಲ್ಲಿರುವುದು ಇನ್ನೊಂದು ತುದಿಯಲ್ಲಿ ಕೂತವನು ಬೆರಳಲ್ಲಿ ಒತ್ತಿದ ಸಂಖ್ಯೆ. ಹಣ ಹಾಕಬೇಕಾದ ಖಾತೆಯನ್ನು ಪ್ರತಿ ಸಲವೂ ‘ಗ್ರಾಹಕ ಸೇವೆ’ಯವರು ಚಾಟ್‌ನಲ್ಲಿ ಕೊಡುತ್ತಾರೆ. ಒಂದು ದಿನ ಯಾವುದೋ ಊರಿನ ಬಟ್ಟೆ ವ್ಯಾಪಾರದ ಚಾಲ್ತಿ ಖಾತೆ, ಇನ್ನೊಂದು ದಿನ ಯಾರದೋ ಉಳಿತಾಯ ಖಾತೆ. ಬಾಕಿಯಿಂದಲೇ ತೆರಿಗೆ ಏಕೆ ಹಿಡಿಯುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಇದೇ. ಅಲ್ಲಿ ಹಿಡಿಯಲು ಏನೂ ಇಲ್ಲ.

ನಿಜದ ವ್ಯವಸ್ಥೆಯಲ್ಲಿ ಈ ಹಂತಗಳಲ್ಲಿ ಒಂದೂ ಸಾಧ್ಯವಿಲ್ಲ. ಐಪಿಒಗೆ ಅರ್ಜಿ ಹಾಕಿದರೆ ಹಣ ನಮ್ಮ ಬ್ಯಾಂಕ್ ಖಾತೆಯಲ್ಲೇ ತಡೆಹಿಡಿದಿರುತ್ತದೆ, ಕೇಳಿದ್ದಕ್ಕಿಂತ ಹೆಚ್ಚು ಷೇರು ಯಾರಿಗೂ ಹಂಚುವುದಿಲ್ಲ. ಷೇರುಗಳು ಬ್ರೋಕರನ ಆ್ಯಪ್‌ನಲ್ಲಿ ಇರುವುದಿಲ್ಲ, ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ ಡಿಪಾಸಿಟರಿಯಲ್ಲಿ ಇರುತ್ತವೆ. ಅಲ್ಲಿಂದ ನಮಗೆ ನೇರವಾಗಿ ಲೆಕ್ಕಪಟ್ಟಿ ಬರುತ್ತದೆ. ವರ್ಷ ತುಂಬುವ ಮೊದಲು ಮಾರಿದ ಷೇರಿನ ಲಾಭಕ್ಕೆ ಶೇ. 20 ತೆರಿಗೆ ಇರುವುದು ನಿಜ. ಸುಳ್ಳಿಗೆ ಬಲ ಬರುವುದೇ ಆ ನಿಜದಿಂದ. ಆದರೆ ಇಲ್ಲೇ ವಾಸಿಸುವವರು ಅದನ್ನು ತಾವೇ ಸರ್ಕಾರಕ್ಕೆ ಕಟ್ಟುತ್ತಾರೆ, ಹಣ ಬಿಡಿಸಿಕೊಳ್ಳಲು ಬ್ರೋಕರನಿಗೆ ಮುಂಗಡವಾಗಿ ಕೊಡುವುದಿಲ್ಲ. ಹಾಗಾಗಿ ಗುರುತು ಒಂದೇ ಸಾಕು: ನಿಮ್ಮ ಹಣ ನಿಮಗೆ ಬರಲು ಇನ್ನಷ್ಟು ಹಣ ಕೇಳಿದರೆ, ಅಲ್ಲಿ ನಿಮ್ಮ ಹಣ ಇಲ್ಲ.

ಇಷ್ಟು ತಿಳಿದಿದ್ದರೆ ಸಾಕಿತ್ತಲ್ಲ, ತಿಳಿಯದವರದೇ ತಪ್ಪಲ್ಲವೇ ಎಂದು ಗಾದೆಯವರು ಕೇಳುತ್ತಾರೆ. ಪರಿಣಾಮ ಇರುವುದು ಈ ಪ್ರಶ್ನೆಯಲ್ಲೇ, ಏಕೆಂದರೆ ನಮ್ಮ ನಿಯಮಗಳೂ ಹೆಚ್ಚುಕಡಿಮೆ ಅದೇ ವ್ಯಾಕರಣದಲ್ಲಿವೆ. ಗ್ರಾಹಕರ ಹೊಣೆಯನ್ನು ಮಿತಗೊಳಿಸುವ ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ‘ಅನಧಿಕೃತ’ ವ್ಯವಹಾರಗಳಿಗೆ ಸಂಬಂಧಿಸಿದ್ದು. ನಿಮ್ಮ ಕಾರ್ಡಿನ ವಿವರ ಹೊರಗೆಲ್ಲೋ ಸೋರಿ, ನಿಮಗೆ ತಿಳಿಯದೆ ಹಣ ಹೋದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದಾಗ ನಿಮ್ಮ ಹೊಣೆ ಸೊನ್ನೆ. ಆದರೆ ಮೇಡಂ ತಾವೇ ಬ್ಯಾಂಕಿಗೆ ಹೋಗಿ ಆರ್‌ಟಿಜಿಎಸ್ ಚೀಟಿ ತುಂಬಿ ಸಹಿ ಹಾಕಿದ್ದಾರೆ. ಬ್ಯಾಂಕಿನ ಕಣ್ಣಲ್ಲಿ ಅದು ಅಧಿಕೃತ. ಬೆದರಿಸಿ ಹಾಕಿಸಿದ ಸಹಿಯೂ ಸಹಿಯೇ. ಇನ್ನು 1930ಕ್ಕೆ ಕರೆ ಮಾಡಿದರೆ ಮುಂದಿನ ಖಾತೆಗಳಲ್ಲಿ ಉಳಿದಿರುವಷ್ಟನ್ನು ತಡೆಹಿಡಿಯುವ ವ್ಯವಸ್ಥೆ ಇದೆ, ಅದು ಒಳ್ಳೆಯದು. ಆದರೆ ಹಣ ಗಂಟೆಗಳೊಳಗೆ ಖಾತೆಯಿಂದ ಖಾತೆಗೆ ಹರಿದು, ನಗದಾಗಿ ಅಥವಾ ಕ್ರಿಪ್ಟೊ ಆಗಿ ಮಾಯವಾಗುತ್ತದೆ. ತೆರಿಗೆ ಕಟ್ಟಿದರೆ ಬರುತ್ತದೆ ಎಂದು ಕಾಯುತ್ತಿರುವವರು ಆ ಗಂಟೆಗಳಲ್ಲಿ ಕರೆ ಮಾಡುವುದಿಲ್ಲ. ಮರ್ಯಾದೆಗೆ ಅಂಜುವವರು ಆಮೇಲೂ ಮಾಡುವುದಿಲ್ಲ. ನಮ್ಮ ಗಾದೆ ಕಳ್ಳನಿಗೆ ಸಮಯ ಕೊಡುವುದು ಹೀಗೆ.

ಮೇಡಂ ಹಣ ಹಾಕಿದ ಖಾತೆಯನ್ನು ಯಾರು ತೆರೆದುಕೊಟ್ಟರು? ನಿನ್ನೆಯವರೆಗೆ ಸಾವಿರಗಳಲ್ಲಿ ನಡೆಯುತ್ತಿದ್ದ ಚಾಲ್ತಿ ಖಾತೆಗೆ ಒಂದೇ ದಿನ ಹತ್ತಾರು ಅಪರಿಚಿತರಿಂದ ಲಕ್ಷಗಳು ಬಂದು, ಅದೇ ದಿನ ಖಾಲಿಯಾದರೆ, ಅದನ್ನು ಕಾಣುವ ಸ್ಥಾನದಲ್ಲಿ ಇರುವುದು ಬ್ಯಾಂಕು ಮಾತ್ರ. ಶಿಕ್ಷಕಿಗೆ ಆ ಕಿಟಕಿಯೇ ಇಲ್ಲ. ಕಾಣಬಲ್ಲವರಿಗೆ ಹೊಣೆಯಿಲ್ಲ, ಕಾಣಲಾರದವರಿಗೆ ಎಚ್ಚರಿಕೆಯ ಎಸ್‌ಎಂಎಸ್ ಎಂಬುದು ಯಾವ ನ್ಯಾಯ?

ಇದು ಬದಲಾಗದ ವಿಧಿಯೇನಲ್ಲ. ಬ್ರಿಟನ್‌ನಲ್ಲಿ 2024ರ ಅಕ್ಟೋಬರ್ 7ರಿಂದ, ವಂಚನೆಗೆ ಸಿಕ್ಕಿ ದೇಶದೊಳಗಿನ ಇನ್ನೊಂದು ಖಾತೆಗೆ ತಾವೇ ಹಣ ಕಳಿಸಿದವರಿಗೂ 85,000 ಪೌಂಡ್‌ವರೆಗೆ ಮರಳಿಸಬೇಕೆಂಬ ನಿಯಮವಿದೆ. ಆ ವೆಚ್ಚವನ್ನು ಹಣ ಕಳಿಸಿದ ಬ್ಯಾಂಕು ಮತ್ತು ಪಡೆದ ಬ್ಯಾಂಕು ಅರ್ಧರ್ಧ ಹೊರಬೇಕು. ವಂಚಕರಿಗೆ ಖಾತೆ ಕೊಟ್ಟ ಬ್ಯಾಂಕಿಗೂ ಚುರುಕು ಮುಟ್ಟುವುದು ಈ ಅರ್ಧದಿಂದ. ಹೀಗಾದರೆ ಜನ ಎಗ್ಗಿಲ್ಲದೆ ಹಣ ಚೆಲ್ಲುತ್ತಾರೆ ಎಂಬ ಆಕ್ಷೇಪಕ್ಕೂ ಅಲ್ಲಿ ಉತ್ತರವಿದೆ: ತೀರಾ ನಿರ್ಲಕ್ಷ್ಯ ತೋರಿದವರಿಗೆ ಮರುಪಾವತಿ ನಿರಾಕರಿಸಬಹುದು. ಕ್ರಿಪ್ಟೊ ಮೂಲಕ, ವಿದೇಶಕ್ಕೆ ಹೋದ ಹಣಕ್ಕೆ ಆ ನಿಯಮ ಅನ್ವಯಿಸುವುದಿಲ್ಲ, ಅದು ಪೂರ್ಣ ಪರಿಹಾರವೂ ಅಲ್ಲ. ಆದರೆ ಅದು ಮೋಸವನ್ನು ಮೋಸ ಹೋದವರ ಸ್ವಭಾವದಲ್ಲಿ ಹುಡುಕುವುದನ್ನು ಬಿಟ್ಟು ಹಣ ಹರಿದ ದಾರಿಯಲ್ಲಿ ಹುಡುಕುತ್ತದೆ.

ಭಾಷೆ ಬದಲಾದರೆ ಕಳ್ಳತನ ನಿಲ್ಲುತ್ತದೆ ಎಂಬ ಭ್ರಮೆ ನನಗಿಲ್ಲ. ಆದರೆ ಭಾಷೆಯನ್ನೇ ಓದುವ ನಾವು ಇಷ್ಟು ಕೆಲಸವನ್ನಾದರೂ ಮಾಡಬಹುದು. ಈ ವಂಚನೆಗೆ ಚೀನೀ ವಂಚಕರು ಇಟ್ಟ ಹೆಸರು, ಕಡಿಯುವ ಮುನ್ನ ಹಂದಿ ಕೊಬ್ಬಿಸುವುದು ಎಂಬರ್ಥದ್ದು. ಅಂದರೆ ಹಣ ಕೊಟ್ಟವರು ಹಂದಿ. ಅದು ಸಂತ್ರಸ್ತರನ್ನು ನಾಚಿಸಿ ದೂರು ಕೊಡದಂತೆ ಮಾಡುತ್ತದೆ, ಬಿಡಿ ಎಂದು ಇಂಟರ್‌ಪೋಲ್ 2024ರ ಡಿಸೆಂಬರ್‌ನಲ್ಲಿ ಹೇಳಿತು. ಪೊಲೀಸರ ಸಂಸ್ಥೆಗೆ ಹೊಳೆದದ್ದು ನಮಗೂ ಹೊಳೆಯಬೇಕು. ಮುಂದಿನ ಸುದ್ದಿ ಬರೆಯುವಾಗ ‘ಆಸೆಗೆ ಬಿದ್ದು 20 ಲಕ್ಷ ಕಳೆದುಕೊಂಡರು’ ಎನ್ನುವ ಬದಲು ‘ಹಣ ಹಿಂದಕ್ಕೆ ಕೇಳಿದವರಿಂದ ವಂಚಕರು ಇಂಥಿಂಥ ಬ್ಯಾಂಕ್ ಖಾತೆಗಳ ಮೂಲಕ 20 ಲಕ್ಷ ದೋಚಿದರು’ ಎಂದು ಬರೆಯೋಣ. ಆಗ ಓದಿದವರು ಕೇಳುವ ಮೊದಲ ಪ್ರಶ್ನೆ ‘ಯಾಕೆ ಹಾಕಿದರಂತೆ?’ ಎಂದಿರುವುದಿಲ್ಲ. ‘ಯಾವ ಬ್ಯಾಂಕು?’ ಎಂದಿರುತ್ತದೆ.