ಬಾಣಂತಿ ಕೋಣೆಯ ಹೀಟರ್: ಮೊದಲು ಪ್ಲಗ್ ನೋಡಿ

ನಮ್ಮ ಕಡೆ ಬಾಣಂತಿ ಮಂಚದ ಕೆಳಗೆ ಮೊದಲು ಕೆಂಡದ ಅಗ್ಗಿಷ್ಟಿಕೆ ಇರುತ್ತಿತ್ತು. ಈಗ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯ ಹಳ್ಳಿಗಳಲ್ಲಿ ಆ ಜಾಗಕ್ಕೆ ಸಣ್ಣ ರೂಮ್ ಹೀಟರ್ ಬಂದಿದೆ. ಕೆಲವು ಮನೆಗಳಲ್ಲಿ ಹಾಸಿಗೆ ಮೇಲೆ ಕರೆಂಟ್ ಕಂಬಳಿಯೂ ಇದೆ. ಬೆಂಗಳೂರಲ್ಲಿರುವ ಮಗನೋ ಅಳಿಯನೋ ಆನ್‌ಲೈನಲ್ಲಿ ತರಿಸಿ ಕಳಿಸಿರುತ್ತಾರೆ. ಇದನ್ನು ಕಂಡು "ಹಳೇ ಕೆಂಡವೇ ವಾಸಿ ಇತ್ತು" ಅನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಮಲಗಿದಲ್ಲೇ ಹೋಗುತ್ತಾರೆ. ಕರೆಂಟ್ ಹೀಟರ್‌ನಲ್ಲಿ ಆ ಭಯ ಇಲ್ಲ. ಆದರೆ ಅದನ್ನು ಯಾವ ಪ್ಲಗ್ಗಿಗೆ ಚುಚ್ಚಿ ಮಲಗುತ್ತೇವೆ ಅನ್ನುವುದರಲ್ಲಿ ಬೇರೆಯದೊಂದು ಭಯ ಇದೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ ಅನ್ನುವುದು ನಮ್ಮ ತಕರಾರು.

ಹೊಳಲ್ಕೆರೆ ಕಡೆಯ ಒಂದು ಮನೆಯಲ್ಲಿ ನಾವು ಕಂಡದ್ದನ್ನು ಹೇಳುತ್ತೇವೆ. 2000 ವ್ಯಾಟಿನ, ಫ್ಯಾನ್ ಇರುವ ಹೀಟರ್. ಅದರ ಪ್ಲಗ್‌ಗೆ ದಪ್ಪ ಪಿನ್ನು. ದಪ್ಪ ಪಿನ್ನು ಹಿಡಿಸುವ ಪವರ್ ಪಾಯಿಂಟ್ ಆ ಮನೆಯಲ್ಲಿ ಇದ್ದದ್ದು ಬಚ್ಚಲಲ್ಲಿ ಮಾತ್ರ, ಗೀಸರಿಗೆ. ಹಾಗಾಗಿ ಅಂಗಡಿಯಿಂದ ಒಂದು ಕನ್ವರ್ಟರ್ ತಂದು, ದಪ್ಪ ಪಿನ್ನನ್ನು ಸಣ್ಣದು ಮಾಡಿ, ಎಕ್ಸ್‌ಟೆನ್ಷನ್ ಬಾಕ್ಸಿಗೆ ಚುಚ್ಚಿದ್ದರು. ಆ ಬಾಕ್ಸಿನಲ್ಲೇ ಮೊಬೈಲ್ ಚಾರ್ಜರು, ಸೊಳ್ಳೆ ಓಡಿಸುವ ಲಿಕ್ವಿಡ್ ಮಷೀನು. ಬಾಕ್ಸು ಮಂಚದ ಕೆಳಗೆ. ಓಡಾಡುವವರ ಕಾಲಿಗೆ ಸಿಗಬಾರದು ಅಂತ ವೈರನ್ನು ಚಾಪೆ ಕೆಳಗೆ ಹಾಯಿಸಿದ್ದರು. ಕೇಳಿದ್ದಕ್ಕೆ ಯಜಮಾನರು, "ಏನಾಗಲ್ಲ ಬಿಡ್ರಿ, ಎಂಸಿಬಿ ಹಾಕ್ಸಿದೀವಿ. ಜಾಸ್ತಿ ಎಳುದ್ರೆ ತಾನೇ ಬೀಳುತ್ತೆ" ಅಂದರು.

ಎಂಸಿಬಿ ಬೀಳುವುದಿಲ್ಲ. ಯಾಕೆ ಅನ್ನುವುದನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡಬೇಕು.

ನಮ್ಮ ಮನೆಗಳ ಕರೆಂಟು 230 ವೋಲ್ಟಿನದು. 2000 ವ್ಯಾಟನ್ನು 230ರಿಂದ ಭಾಗಿಸಿದರೆ ಸುಮಾರು 8.7 ಆಂಪಿಯರ್ ಬರುತ್ತದೆ. ಹೀಟರ್ ಎಳೆಯುವುದು ಅಷ್ಟು. ಲೈಟು, ಫ್ಯಾನಿನ ಬೋರ್ಡಿನಲ್ಲಿರುವ ಸಣ್ಣ ಪ್ಲಗ್ ತಾಳುವುದು 6 ಆಂಪಿಯರ್, ಅಂದರೆ 1380 ವ್ಯಾಟ್. ಮೇನ್ ಬೋರ್ಡಿನ ಎಂಸಿಬಿ ಸಾಮಾನ್ಯವಾಗಿ 16 ಆಂಪಿಯರಿನದು ಅಥವಾ ಅದಕ್ಕೂ ದೊಡ್ಡದು. ಅದರ ಕಣ್ಣಿಗೆ 8.7 ಏನೂ ಅಲ್ಲ. ಅದು ನೋಡುವುದು ಎಷ್ಟು ಕರೆಂಟು ಹರಿಯುತ್ತಿದೆ ಅನ್ನುವುದನ್ನು ಮಾತ್ರ. ಎಲ್ಲಿ ಬಿಸಿ ಆಗುತ್ತಿದೆ ಅನ್ನುವುದು ಅದಕ್ಕೆ ತಿಳಿಯದು.

ಬಿಸಿ ಆಗುವುದು ಕೂಡುವ ಜಾಗಗಳಲ್ಲಿ. ಪಿನ್ನು ಸಾಕೆಟ್ಟಿನ ಒಳಗಿನ ಹಿತ್ತಾಳೆ ತಗಡನ್ನು ಮುಟ್ಟುವ ಕಡೆ, ಸ್ಕ್ರೂ ವೈರನ್ನು ಹಿಡಿಯುವ ಕಡೆ. ಸಾಕೆಟ್ ಹಳೆಯದಾಗಿ ತಗಡು ಅಗಲವಾದರೆ ಅಲ್ಲಿ ಕರೆಂಟಿಗೆ ಅಡ್ಡಿ ಹೆಚ್ಚುತ್ತದೆ. ಆ ಅಡ್ಡಿ ಬರೀ ಅರ್ಧ ಓಮ್ ಅಂತ ಇಟ್ಟುಕೊಳ್ಳಿ. 8.7 ಆಂಪಿಯರ್ ಹಾಯ್ದಾಗ ಆ ಕಡಲೆಕಾಳಿನಷ್ಟು ಜಾಗದಲ್ಲಿ ಸುಮಾರು 38 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಬೆಸುಗೆ ಕಡ್ಡಿ 25 ವ್ಯಾಟಿನದು. ಅದಕ್ಕಿಂತ ಬಿಸಿಯಾದದ್ದೊಂದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಮಂಚದ ಕೆಳಗೆ ತಳ್ಳಿ, ಬೆಳಗಿನವರೆಗೂ ಬಿಟ್ಟಂತೆ ಆಯಿತು. ಕನ್ವರ್ಟರ್ ಹಾಕಿದರೆ ಒಂದು ಕೂಡು ಹೆಚ್ಚಾಯಿತು, ಎಕ್ಸ್‌ಟೆನ್ಷನ್ ಹಾಕಿದರೆ ಇನ್ನೂ ಒಂದು. ಚಾಪೆ ಕೆಳಗಿನ ವೈರಿಗೆ ಗಾಳಿ ಇಲ್ಲ, ಅದು ಕಾದರೂ ಯಾರಿಗೂ ಕಾಣುವುದಿಲ್ಲ.

ಇದೇ ಲೆಕ್ಕದಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಇಂಥ ಹೀಟರುಗಳಲ್ಲಿ ಸಾಮಾನ್ಯವಾಗಿ 1000 ಮತ್ತು 2000 ಅಂತ ಎರಡು ಹಂತ ಇರುತ್ತವೆ. 1000ದಲ್ಲಿ ಇಟ್ಟರೆ ಕರೆಂಟು ಅರ್ಧವಾಗುತ್ತದೆ, ಆದರೆ ಆ ಸಡಿಲ ಕೂಡಿನ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ. ಪವರ್ ಪಾಯಿಂಟ್ ಇಲ್ಲದ ಕೋಣೆಯಲ್ಲಿ ಹೀಟರ್ ಹಾಕಲೇಬೇಕು ಅಂದರೆ 1000ದ ಮೇಲೆ ಹೋಗಬೇಡಿ. ಗೋಡೆಯ ಗಟ್ಟಿ ಸಾಕೆಟ್ಟಿಗೆ ನೇರ ಚುಚ್ಚಿ, ಬಾಕ್ಸು ಬೇಡ. ಹೆರಿಗೆಗೆ ಮಗಳು ತವರಿಗೆ ಬರುವುದು ತಿಂಗಳುಗಟ್ಟಲೆ ಮೊದಲೇ ಗೊತ್ತಿರುತ್ತದೆ. ಅಷ್ಟರೊಳಗೆ ಎಲೆಕ್ಟ್ರಿಷಿಯನ್ ಕರೆಸಿ ಆ ಕೋಣೆಗೆ 2.5 ಚದರ ಮಿಲಿಮೀಟರಿನ ತಾಮ್ರದ ವೈರು ಎಳೆಸಿ, ಅರ್ಥ್ ಕೊಡಿಸಿ, 16 ಆಂಪಿಯರಿನ ಪಾಯಿಂಟ್ ಹಾಕಿಸಬಹುದು. ತೊಟ್ಟಿಲು ಶಾಸ್ತ್ರದ ಶಾಮಿಯಾನಕ್ಕೆ ಖರ್ಚು ಮಾಡುವವರಿಗೆ ಇದು ಭಾರ ಆಗದು.

ಈಗ ಇರುವ ಪ್ಲಗ್ ಹೇಗಿದೆ ಅಂತ ತಿಳಿಯಲು ಮೀಟರು ಬೇಕಿಲ್ಲ. ಎಲ್ಲರೂ ಎಚ್ಚರವಿರುವಾಗ ಅರ್ಧ ಗಂಟೆ ಹೀಟರ್ ಓಡಿಸಿ. ಆಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಅದರ ಪ್ಲಾಸ್ಟಿಕ್ ಮೈಯನ್ನು ಕೈ ಹಿಂಬದಿಯಿಂದ ಮುಟ್ಟಿ. ಬೆಚ್ಚಗಿದ್ದರೆ ಪರವಾಗಿಲ್ಲ. ಹಿಡಿದುಕೊಳ್ಳಲು ಆಗದಷ್ಟು ಕಾದಿದ್ದರೆ, ಸಾಕೆಟ್ಟಿನ ತೂತಿನ ಸುತ್ತ ಕಂದು ಬಣ್ಣ ಬಂದಿದ್ದರೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಇದ್ದರೆ, ವೈರು ಅಲುಗಾಡಿಸಿದಾಗ ಹೀಟರ್ ಸದ್ದು ಏರಿಳಿದರೆ, ಆ ಸಾಕೆಟ್ ಬದಲಾಯಿಸುವ ತನಕ ಅಲ್ಲಿ ಹೀಟರ್ ಬೇಡ. ಕಾದು ಮೆತ್ತಗಾದ ಸಾಕೆಟ್ಟಿಗೆ ಸ್ಕ್ರೂ ಬಿಗಿ ಮಾಡಿದರೆ ಸಾಲದು. ತಗಡಿನ ಬಿಗಿ ಒಮ್ಮೆ ಹೋದರೆ ಹೋಯಿತು.

"ಟೈಮರ್ ಇದೆಯಲ್ಲ" ಅನ್ನುವುದು ಎರಡನೇ ಧೈರ್ಯ. ಟೈಮರ್ ಒಳ್ಳೆಯದೇ. ಆದರೆ ಬೆಸ್ಕಾಂ ಲೈನಿನಲ್ಲಿ ರಾತ್ರಿ ಕರೆಂಟು ಹೋಗಿ ಬರುವ ನಮ್ಮೂರುಗಳಲ್ಲಿ ಅದು ಯಾವ ಜಾತಿಯ ಟೈಮರ್ ಅನ್ನುವುದು ಮುಖ್ಯ. ಪ್ಲಗ್ಗಿಗೆ ಸಿಕ್ಕಿಸುವ, ಸುತ್ತಲೂ ಹಲ್ಲುಗಳಿರುವ ಡಯಲ್ ಟೈಮರ್ ಕರೆಂಟಿನಿಂದಲೇ ತಿರುಗುತ್ತದೆ. ಕರೆಂಟು ಹೋದರೆ ಅದೂ ನಿಲ್ಲುತ್ತದೆ. ಹತ್ತು ಗಂಟೆಗೆ ಒಂದು ತಾಸಿಗೆ ಅಂತ ಇಟ್ಟಿರಿ, ಹತ್ತೂವರೆಗೆ ಕರೆಂಟು ಹೋಯಿತು, ರಾತ್ರಿ ಎರಡಕ್ಕೆ ಬಂತು ಅಂದುಕೊಳ್ಳಿ. ಉಳಿದ ಅರ್ಧ ತಾಸು ಹೀಟರ್ ಎರಡು ಗಂಟೆಗೆ ಶುರುವಾಗುತ್ತದೆ, ಮನೆ ಎಲ್ಲ ಗಾಢ ನಿದ್ದೆಯಲ್ಲಿರುವಾಗ. ಅಷ್ಟರಲ್ಲಿ ಕತ್ತಲಲ್ಲಿ ಮಗುವಿನ ಬಟ್ಟೆಯೋ ದುಪ್ಪಟಿಯೋ ಹೀಟರ್ ಮೇಲೆ ಜಾರಿ ಬಿದ್ದಿರಬಹುದು. ಟೈಮರೇ ಇಲ್ಲದ ಹೀಟರ್ ಆದರೆ ಬೆಳಗಿನವರೆಗೂ ಉರಿಯುತ್ತದೆ. ಕೈಯಲ್ಲಿ ತಿರುಗಿಸಿ ಕೀಲಿ ಕೊಡುವ ಟೈಮರ್ ಹಾಗಲ್ಲ, ಕರೆಂಟು ಇರಲಿ ಬಿಡಲಿ ಅದು ಇಳಿಯುತ್ತಲೇ ಇರುತ್ತದೆ. ಬಟನ್ ಒತ್ತುವ ಹೀಟರುಗಳಲ್ಲಿ ಕೆಲವು ಕರೆಂಟು ಬಂದ ಮೇಲೆ ಆಫ್ ಆಗಿಯೇ ಇರುತ್ತವೆ, ಕೆಲವು ತಾವೇ ಶುರುವಾಗುತ್ತವೆ. ನಿಮ್ಮದು ಯಾವುದು ಅಂತ ಹಗಲಲ್ಲಿ ನೋಡಿಕೊಳ್ಳಿ. ಹೀಟರ್ ಓಡುವಾಗ ಮೇನ್ ಸ್ವಿಚ್ ಇಳಿಸಿ, ಎರಡು ನಿಮಿಷ ಬಿಟ್ಟು ಏರಿಸಿ. ತಾನೇ ಶುರುವಾದರೆ, ಕರೆಂಟು ಹೋದ ರಾತ್ರಿ ಯಾರಾದರೂ ಎದ್ದು ಪ್ಲಗ್ ಕೀಳಲೇಬೇಕು. ಪ್ಲಗ್ಗಿಗೆ ಸಿಕ್ಕಿಸುವ ಟೈಮರ್ ಕೊಳ್ಳುವುದಾದರೆ ಅದರ ಮೇಲೆ 16 ಆಂಪಿಯರ್ ಅಂತ ಇದೆಯೋ ನೋಡಿ. ಅದೂ ಒಂದು ಕೂಡೇ ತಾನೆ?

ಇನ್ನು ಹೀಟರೇ ಅತಿಯಾಗಿ ಕಾಯುವ ಮಾತು. ಬಾಣಂತಿ ಕೋಣೆಯಲ್ಲಿ ಇದಕ್ಕೆ ಎರಡು ಕಾರಣ ಕಾಣುತ್ತೇವೆ. ಒಂದು, ಒಣಗದ ಮಗುವಿನ ಬಟ್ಟೆಯನ್ನು ಹೀಟರ್ ಮೇಲೆ ಹರವುವುದು. ಇನ್ನೊಂದು, ಮಂಚದ ಸುತ್ತ ಇಳಿಬಿಟ್ಟ ನೈಲಾನ್ ಸೊಳ್ಳೆ ಪರದೆ. ಗಾಳಿ ಹೋಗುವ ದಾರಿ ಮುಚ್ಚಿದರೆ ಒಳಗಿನ ರಕ್ಷಣೆಯ ಸ್ವಿಚ್ ಹೀಟರನ್ನು ನಿಲ್ಲಿಸಬೇಕು. ಹಲವು ಹೀಟರುಗಳಲ್ಲಿ ಅದು ತಣ್ಣಗಾದ ಮೇಲೆ ಮತ್ತೆ ತಾನೇ ಶುರು ಮಾಡುತ್ತದೆ. ಹೀಗೆ ಆಗಾಗ ನಿಂತು ಹೊರಡುವ ಹೀಟರನ್ನು "ಕರೆಂಟು ಉಳಿಸ್ತಿದೆ" ಅಂತ ತಿಳಿಯಬೇಡಿ, ಅದಕ್ಕೆ ಉಸಿರು ಕಟ್ಟಿರಬಹುದು. ಎಲ್ಲ ಕಡೆಯಿಂದಲೂ ಮೂರು ಅಡಿ ಬಿಡಿ. ಮಂಚದ ಮೇಲೆ, ಕುರ್ಚಿ ಮೇಲೆ ಇಡದೆ ನೆಲದ ಮೇಲೇ ಇಡಿ. ಕೊಳ್ಳುವಾಗ ಐಎಸ್ಐ ಗುರುತು ನೋಡಿ, ರೂಮ್ ಹೀಟರಿಗೆ ಅದು ಕಡ್ಡಾಯ.

ಕರೆಂಟ್ ಕಂಬಳಿಯ ಕಥೆ ಬೇರೆ. ಅದು ಎಳೆಯುವುದು ನೂರು ವ್ಯಾಟಿನ ಆಸುಪಾಸು, ಹಾಗಾಗಿ ಪ್ಲಗ್ಗಿಗೆ ಭಾರವಿಲ್ಲ. ಅಲ್ಲಿ ಅಪಾಯ ಇರುವುದು ಬಟ್ಟೆಯೊಳಗಿನ ತಂತಿಯಲ್ಲಿ. ಮಡಚಿದ ಕಡೆ, ಪಿನ್ನು ಚುಚ್ಚಿದ ಕಡೆ, ಸುಕ್ಕಾಗಿ ಒಂದರ ಮೇಲೊಂದು ಬಿದ್ದ ಕಡೆ ಶಾಖ ಒಟ್ಟಾಗುತ್ತದೆ. ಹಾಸುವ ಮುನ್ನ ಬೆಳಕಿಗೆ ಹಿಡಿದು ನೋಡಿ, ಸುಟ್ಟ ಕಲೆ ಇದ್ದರೆ ಎಸೆಯಿರಿ. ಬೇಸಿಗೆಯಲ್ಲಿ ಮಡಚಿ ಇಡದೆ ಸಡಿಲವಾಗಿ ಸುತ್ತಿಡಿ. ಮೈಗೂ ಒಂದು ಅಪಾಯ ಇದೆ. 44 ಡಿಗ್ರಿ ಕೈಗೆ ಹಿತವಾದ ಬಿಸಿಯೇ ಅನಿಸುತ್ತದೆ, ಆದರೆ ಅದೇ ಜಾಗ ಆರು ತಾಸು ಮುಟ್ಟಿಕೊಂಡಿದ್ದರೆ ಚರ್ಮ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದ ಅಜ್ಜಿಗೆ, ಲಕ್ವ ಹೊಡೆದು ಹೊರಳಲಾರದ ತಾತನಿಗೆ ಅದು ಗೊತ್ತಾಗುವುದೇ ಇಲ್ಲ. ಕೂಸಿಗೆ ಒದೆದು ಸರಿಸಲು ಬಾರದು, ಬಿಸಿ ಅಂತ ಹೇಳಲು ಬಾರದು, ಜೊತೆಗೆ ಹಾಸಿಗೆ ಒದ್ದೆ ಮಾಡುತ್ತದೆ. ಕೂಸು ಮಲಗುವ ಹಾಸಿಗೆಯಲ್ಲಿ ಕರೆಂಟ್ ಕಂಬಳಿ ಬೇಡವೇ ಬೇಡ. ಗಟ್ಟಿಮುಟ್ಟಾಗಿರುವವರು ಮಲಗುವ ಅರ್ಧ ಗಂಟೆ ಮೊದಲು ಹಾಕಿ, ಮಲಗುವಾಗ ಪ್ಲಗ್ ಕಿತ್ತು, ಮೇಲೆ ಚಳ್ಳಕೆರೆಯ ಕುರಿ ಕಂಬಳಿ ಹೊದ್ದರೆ ಆ ಬಿಸಿ ಬಹಳ ಹೊತ್ತು ಇರುತ್ತದೆ.

ಹೀಟರಿಗೂ ಅದೇ ನಮ್ಮ ಮಾತು. ನಮ್ಮದು ಹಿಮ ಬೀಳುವ ಸೀಮೆಯಲ್ಲ. ಮಲಗುವ ಮುಂಚೆ ಒಂದು ತಾಸು, ಬೆಳಗ್ಗೆ ಕೂಸಿನ ಸ್ನಾನಕ್ಕೆ ಮುಂಚೆ ಅರ್ಧ ತಾಸು, ಎರಡೂ ಯಾರಾದರೂ ಎಚ್ಚರವಿರುವಾಗ. ಲೆಕ್ಕ ಬೇಕಾದವರಿಗೆ: 2000 ವ್ಯಾಟ್ ಎಂಟು ತಾಸು ಓಡಿದರೆ ಒಂದು ರಾತ್ರಿಗೆ 16 ಯೂನಿಟ್, ಹದಿಮೂರೇ ರಾತ್ರಿಗೆ ಗೃಹಜ್ಯೋತಿಯ 200 ಯೂನಿಟ್ ದಾಟುತ್ತದೆ. ಆ ತಿಂಗಳ ಬಿಲ್ ಪೂರ್ತಿ ನಿಮ್ಮದೇ.

ಇದನ್ನು ಹಳ್ಳಿ ಮನೆಗಳಿಗೆ ಯಾರು ಹೇಳಬೇಕು? ಹೀಟರಿನ ಜೊತೆ ಕನ್ವರ್ಟರನ್ನೂ ಮಾರುವ ಅಂಗಡಿಯವರು ಹೇಳಲಿ ಅಂತ ಕಾಯುವುದು ವ್ಯರ್ಥ. ಆಸ್ಪತ್ರೆಯಲ್ಲಿ ಹೆರಿಗೆಯಾದ ಪ್ರತಿ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ಕೂಸಿನ ತೂಕ, ಮೈ ಬಿಸಿ ನೋಡಿ, ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಹಿಡಿದು ಬೆಚ್ಚಗಿಡಲು ಹೇಳಿಕೊಡುತ್ತಾರೆ. ಆ ಕೋಣೆಯೊಳಗೆ ಮತ್ತೆ ಮತ್ತೆ ಕಾಲಿಡುವವರು ಅವರು. ಅವರ ಕೆಲಸ ಈಗಾಗಲೇ ಹೆಚ್ಚು, ಕೊಡುವ ಗೌರವಧನ ಕಡಿಮೆ ಅನ್ನುವುದು ನಮಗೆ ಗೊತ್ತು. ಆದರೂ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯವರು ಚಳಿಗಾಲದ ಸಭೆಯಲ್ಲಿ ಒಂದು ಸಾಲು ಸೇರಿಸಬೇಕು ಅಂತ ಕೇಳುತ್ತೇವೆ: 3ನೇ ದಿನದ ಭೇಟಿಯಲ್ಲಿ ಮಂಚದ ಕೆಳಗೆ ಬಗ್ಗಿ, ಅಲ್ಲಿ ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದರೆ ಹೊರಗೆ ತೆಗೆಸಿ.