ಐದು ನಕ್ಷತ್ರ ಬೇಡ, ಒಂದು ಕಾರಣ ಬರೆಯಿರಿ

ಕಿರುಚಿತ್ರ ಮಾಡುವ ಹುಡುಗರು ಶೂಟಿಂಗ್ ಮುಗಿಸಿ ಹಾರ್ಡ್ ಡಿಸ್ಕ್ ತಂದುಕೊಡುವಾಗ ಜೊತೆಗೆ ಒಂದು ಎಕ್ಸೆಲ್ ಹಾಳೆಯನ್ನೂ ಕೊಡುತ್ತಾರೆ. “ಸಾರ್, ಎಲ್ಲಾ ಟೇಕಿಗೂ ರೇಟಿಂಗ್ ಕೊಟ್ಟಿದೀವಿ, ಜೋಡಿಸೋದಷ್ಟೇ ಬಾಕಿ” ಅಂತ ಹೇಳುತ್ತಾರೆ. ತೆರೆದು ನೋಡಿದರೆ ಸಾಲಾಗಿ ನಕ್ಷತ್ರಗಳು. ಮೂರು, ನಾಲ್ಕು, ನಾಲ್ಕು, ಮೂರು, ನಾಲ್ಕು... ಒಂದು ಯಾರಿಗೂ ಇಲ್ಲ, ಐದು ಕೊಡುವ ಧೈರ್ಯವೂ ಇಲ್ಲ. ನನ್ನ ಮಟ್ಟಿಗೆ ಆ ಹಾಳೆ ಖಾಲಿ ಹಾಳೆಗೆ ಸಮ. ಮೂರಕ್ಕೂ ನಾಲ್ಕಕ್ಕೂ ಏನು ವ್ಯತ್ಯಾಸ ಅನ್ನೋದು ಕೊಟ್ಟವರಿಗೇ ಮರುದಿನ ನೆನಪಿರೋದಿಲ್ಲ.

ರೀಲಿನ ಕಾಲದಲ್ಲಿ ಈ ಸಮಸ್ಯೆ ಇರಲಿಲ್ಲ. ಕಾರಣ ಜಾಣತನ ಅಲ್ಲ, ದುಡ್ಡು. ತೆಗೆದ ನೆಗೆಟಿವ್‌ನಲ್ಲಿ ನಿರ್ದೇಶಕರು ಮೆಚ್ಚಿದ ಟೇಕುಗಳ ಸಂಖ್ಯೆಗೆ ಮಾತ್ರ ರಿಪೋರ್ಟಿನಲ್ಲಿ ಸುತ್ತು ಹಾಕಿ, ಅಷ್ಟನ್ನೇ ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸುತ್ತಿದ್ದರು. ಉಳಿದದ್ದು ಡಬ್ಬದಲ್ಲೇ ಇರುತ್ತಿತ್ತು, ಬೇಕೆಂದಾಗ ಹುಡುಕಿ ತೆಗೆಯಬಹುದಿತ್ತು. ಅಂದರೆ ರೇಟಿಂಗ್ ಎರಡೇ: ಸುತ್ತು ಇದೆ, ಅಥವಾ ಇಲ್ಲ. ನಮ್ಮ ಯೂನಿಟ್‌ಗಳಲ್ಲಿ ಅದಕ್ಕೆ ಓಕೆ, ಎನ್‌ಜಿ ಅನ್ನೋ ಮಾತು ಈಗಲೂ ನಡೆಯುತ್ತದೆ. ಈಗ ಕ್ಯಾಮೆರಾ ನಿಲ್ಲಿಸೋಕೆ ಯಾರಿಗೂ ಅವಸರ ಇಲ್ಲ. ಹತ್ತು ನಿಮಿಷದ ಚಿತ್ರಕ್ಕೆ ಐದಾರು ಗಂಟೆ ಫುಟೇಜ್ ಬರುತ್ತದೆ.

ಹಾಗಂತ ಸೆಟ್ಟಿನಲ್ಲಿ ಕೊಟ್ಟ ಓಕೆಯನ್ನೇ ನಂಬಿ ಕೂತರೂ ಕೆಲಸ ಕೆಡುತ್ತದೆ. ಇತ್ತೀಚೆಗೆ ನಾನು ಜೋಡಿಸಿದ ಒಂದು ದೃಶ್ಯ ಹೇಳುತ್ತೇನೆ, ನೋಡಿ. ಹಳ್ಳಿ ಮನೆಯ ಅಡುಗೆಕೋಣೆ. ಮಗ “ಅಮ್ಮಾ, ಮನೆ ಮಾರೋಣ ಅಂತಿದೀನಿ” ಅನ್ನುತ್ತಾನೆ. ಅಮ್ಮ ಲೋಟಕ್ಕೆ ಕಾಫಿ ಬಗ್ಗಿಸುತ್ತಾ “ಮಾರು. ಬಾವಿ ಮಾತ್ರ ಮುಚ್ಚಿಸಬೇಡ” ಅನ್ನುತ್ತಾಳೆ. ಅಮ್ಮನ ಕ್ಲೋಸಪ್ಪಿಗೆ ಐದು ಟೇಕ್. ನಿರ್ದೇಶಕರ ಓಕೆ ಮೂರನೆಯದಕ್ಕೆ. ಉಳಿದ ನಾಲ್ಕೂ ಎನ್‌ಜಿ.

ನಾನು ಲಾಗ್ ಮಾಡುವಾಗ ಇಡೀ ಟೇಕಿಗೆ ಅಂಕ ಕೊಡೋದಿಲ್ಲ. ಟೇಕಿನೊಳಗಿನ ತುಂಡಿಗೆ ಗುರುತು ಹಾಕುತ್ತೇನೆ, ಪಕ್ಕದಲ್ಲಿ ಕಾರಣ ಬರೆಯುತ್ತೇನೆ. ಆ ಐದು ಟೇಕಿಗೆ ಬರೆದದ್ದು ಹೀಗಿತ್ತು:

ಟೇಕ್ 1: ಶುರುವಿನಲ್ಲಿ ಫೋಕಸ್ ಇಲ್ಲ. “ಮಾರು” ಹೊತ್ತಿಗೆ ಸರಿಹೋಗಿದೆ, ಆದರೆ ಮಾತು ಸಪ್ಪೆ.
ಟೇಕ್ 2: ಮಾತಿನ ಮಧ್ಯೆ ಮೇಲಿಂದ ಮೈಕು ಇಣುಕಿದೆ, ಅಲ್ಲಿಗೇ ಎನ್‌ಜಿ. ಅದಕ್ಕೂ ಮೊದಲು ನಾಲ್ಕು ಸೆಕೆಂಡ್ ಮೌನ, ಕೈ ನಿಂತುಹೋಗುತ್ತದೆ. ಮೆಚ್ಚುಗೆ.
ಟೇಕ್ 3: ಮಾತು ಪೂರ್ತಿ ಚೆನ್ನಾಗಿದೆ. ಮೆಚ್ಚುಗೆ. ಮೌನ ಇಲ್ಲ, ತಕ್ಷಣ ಉತ್ತರ ಕೊಡುತ್ತಾಳೆ.
ಟೇಕ್ 4: ಮುಖ ಚೆನ್ನ, “ಬಾವಿ” ಮೇಲೆ ಆಟೋ ಹಾರ್ನ್. ಚಿತ್ರ ಉಂಟು, ಧ್ವನಿ ಇಲ್ಲ.
ಟೇಕ್ 5: ನಗು ಬಂದು ನಿಂತಿತು. ಬೇಡ.

ಜೋಡಿಸೋಕೆ ಕೂತಾಗ ಮಗನ ಮಾತು ಆದಮೇಲೆ ನನಗೆ ಬೇಕಿದ್ದದ್ದು ಅಮ್ಮನ ಉತ್ತರ ಅಲ್ಲ, ಉತ್ತರಕ್ಕೆ ಮುಂಚಿನ ಹೊತ್ತು. “ಮೌನ” ಅಂತ ಹುಡುಕಿದೆ, ಎರಡನೇ ಟೇಕ್ ಎದುರಿಗೆ ಬಂತು. ಆ ನಾಲ್ಕು ಸೆಕೆಂಡ್, ನಂತರ ಮಗನ ಮುಖಕ್ಕೆ ಒಂದು ಕಟ್, ಆಮೇಲೆ ಮೂರನೇ ಟೇಕಿನ ಮಾತು. ನಡುವೆ ಮಗನ ಮುಖ ಇದ್ದದ್ದರಿಂದ ಕಾಫಿ ಬಗ್ಗಿಸುವ ಕೈ ಒಂದರಲ್ಲಿ ನಿಂತಿದ್ದು ಇನ್ನೊಂದರಲ್ಲಿ ನಡೆಯುತ್ತಿದ್ದದ್ದು ಕಣ್ಣಿಗೆ ಬೀಳಲಿಲ್ಲ. ಎನ್‌ಜಿ ಅಂತ ಬದಿಗಿಟ್ಟ ಟೇಕಿನ ತುಂಡು ಇಡೀ ದೃಶ್ಯವನ್ನು ಎತ್ತಿ ನಿಲ್ಲಿಸಿತು. ಮೈಕು ಇಣುಕುವ ಟೇಕಿಗೆ ಯಾರು ತಾನೇ ಎರಡು ನಕ್ಷತ್ರಕ್ಕಿಂತ ಹೆಚ್ಚು ಕೊಡುತ್ತಾರೆ, ಹೇಳಿ?

ಚಿತ್ರದ ದೋಷ, ಧ್ವನಿಯ ದೋಷ ಬೇರೆಬೇರೆಯಾಗಿ ಬರೆಯಬೇಕು ಅನ್ನೋದೂ ಇದಕ್ಕೇ. ನಾಲ್ಕನೇ ಟೇಕಿನ ಮುಖಕ್ಕೆ ಮೂರನೇ ಟೇಕಿನ ಮಾತು ಕೂರಿಸಬಹುದು, ತುಟಿ ಹೊಂದಿದರೆ. ನಟಿ ಒಂದೇ ಓಟದಲ್ಲಿ ಮಾತಾಡುವವರಾದರೆ ಸಾಮಾನ್ಯವಾಗಿ ಹೊಂದುತ್ತದೆ. ಬರೀ “ಎನ್‌ಜಿ” ಅಂತ ಬರೆದಿದ್ದರೆ ಆ ದಾರಿಯೇ ಮುಚ್ಚಿಹೋಗುತ್ತಿತ್ತು.

ಸಾಫ್ಟ್‌ವೇರಿನ ವಿಷಯ. 2011ರಲ್ಲಿ ಬಂದ ಫೈನಲ್ ಕಟ್ ಪ್ರೋ ಟೆನ್ ನಕ್ಷತ್ರಗಳ ಗೊಡವೆಗೇ ಹೋಗಲಿಲ್ಲ. ಬೇಕಾದ ತುಂಡನ್ನು I, O ಒತ್ತಿ ಆರಿಸಿ F ಒತ್ತಿದರೆ Favorite, Delete ಒತ್ತಿದರೆ Reject, U ಒತ್ತಿದರೆ ಎರಡೂ ಅಳಿಸಿಹೋಗುತ್ತದೆ. Reject ಅಂದರೆ ಫೈಲ್ ಅಳಿಸಿತು ಅಂತ ಹೆದರಬೇಡಿ, ಬರೀ ಗುರುತು. ಲಿಸ್ಟಿನಲ್ಲಿ ಆ Favorite ತುಂಡಿನ ಹೆಸರನ್ನೇ ಬದಲಿಸಿ “ಮೌನ, ಕೈ ನಿಂತಿತು” ಅಂತ ಬರೆಯಬಹುದು. ಡಾವಿಂಚಿ ರಿಸಾಲ್ವ್‌ನಲ್ಲಿ Good Take ಅನ್ನೋ ಗುರುತು ಇದೆ, ಅದು ಇಡೀ ಕ್ಲಿಪ್ಪಿಗೆ ಅಂಟುತ್ತದೆ. ಹಾಗಾಗಿ ಅಲ್ಲಿ ನಾನು ತುಂಡಿಗೆ ಮಾರ್ಕರ್ ಹಾಕಿ, ಅದನ್ನು ಬೇಕಾದಷ್ಟು ಉದ್ದಕ್ಕೆ ಎಳೆದು ಟಿಪ್ಪಣಿ ಬರೆಯುತ್ತೇನೆ. ಸ್ವಲ್ಪ ನಿಧಾನ, ಆದರೆ ಕೆಲಸ ಆಗುತ್ತದೆ.

ಮೆಚ್ಚುಗೆಯನ್ನು ಮೊದಲ ಸಲ ನೋಡುವಾಗಲೇ ಹಾಕಬೇಕು ಅನ್ನೋದು ನನ್ನ ಹಟ. ಹತ್ತನೇ ಸಲ ನೋಡುವ ಹೊತ್ತಿಗೆ ಅಮ್ಮನ ಮೌನ ಬರೀ ನಾಲ್ಕು ಸೆಕೆಂಡ್ ಆಗಿರುತ್ತದೆ. ವಾಲ್ಟರ್ ಮರ್ಚ್ ಕೂಡ ಮೊದಲ ನೋಟದಲ್ಲಿ ಅನ್ನಿಸಿದ್ದನ್ನು ಹಾಗೆಹಾಗೇ ಟೈಪ್ ಮಾಡಿಟ್ಟುಕೊಳ್ಳುವವರು. ಇದಕ್ಕೆ ಸಮಯ ಹಿಡಿಯುತ್ತದೆ ನಿಜ. ನನಗೆ ಒಂದು ಗಂಟೆ ಫುಟೇಜಿಗೆ ಎರಡು ಗಂಟೆ ಹತ್ತಿರ ಬೇಕು. ಆದರೆ ಎಲ್ಲವೂ ಚೆನ್ನಾಗಿ ಕಾಣುವ ದಿನಗಳೂ ಇರುತ್ತವೆ. ಅಂಥ ದಿನ ಮೆಚ್ಚುಗೆಗಳನ್ನಷ್ಟೇ ಸೋಸಿ ನೋಡಿ. ಅರ್ಧಕ್ಕರ್ಧ ಫುಟೇಜ್ ಅಲ್ಲೇ ಇದ್ದರೆ ಲಾಗ್ ಕೆಟ್ಟಿದೆ ಅಂತಲೇ ಲೆಕ್ಕ. ಮತ್ತೆ ಎಲ್ಲವನ್ನೂ ನೋಡೋದೇ ಆದರೆ ಗುರುತು ಯಾಕೆ ಬೇಕಿತ್ತು?

ಇನ್ನೊಂದು ತಂಟೆ ನಮ್ಮಂಥ ಕನ್ನಡದಲ್ಲೇ ಕುಟ್ಟುವವರಿಗೆ ಮಾತ್ರ. ಒಬ್ಬರು “ಮೌನ” ಅಂತ ಬರೆದು ಇನ್ನೊಬ್ಬರು “ಸುಮ್ಮನಿದ್ದಾಳೆ” ಅಂತ ಬರೆದರೆ ಹುಡುಕಾಟ ಎರಡನ್ನೂ ಒಟ್ಟಿಗೆ ಕೊಡೋದಿಲ್ಲ. ಅದು ಹೋಗಲಿ, “ಫೋಕಸ್” ಅಂತ ಇಬ್ಬರೂ ಬರೆದರೂ ಒಬ್ಬರ ಕೀಲಿಮಣೆ ಕೊನೆಯಲ್ಲಿ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಅಕ್ಷರ ಸೇರಿಸಿರುತ್ತದೆ. ನಮಗೆ ಒಂದೇ ಪದ, ಕಂಪ್ಯೂಟರಿಗೆ ಎರಡು. ಅದಕ್ಕೇ ನಾನು ಹತ್ತು ಹನ್ನೆರಡು ಪದಗಳ ಪಟ್ಟಿ ಮೊದಲೇ ಮಾಡಿ, ಅವನ್ನು ಕಾಪಿ ಪೇಸ್ಟ್ ಮಾಡುತ್ತೇನೆ: ಮೌನ, ನೋಟ, ಕೈ, ಮೈಕು, ಸದ್ದು, ನಡುಕ, ಹೀಗೆ. ಕೊನೆಗೆ ಅರ್ಧಾಕ್ಷರ ಬರದ ಪದವನ್ನೇ ಆರಿಸಿಕೊಂಡರೆ ಅರ್ಧ ಜಗಳ ಮುಗಿಯುತ್ತದೆ.

ಒಂದು ಆಕ್ಷೇಪಣೆ ಇದೆ, ಅದನ್ನು ಒಪ್ಪುತ್ತೇನೆ. ಗುರುತು ಹಾಕಿದ್ದನ್ನಷ್ಟೇ ನೋಡುತ್ತಾ ಹೋದರೆ, ಹುಡುಕುವ ದಾರಿಯಲ್ಲಿ ಅಕಸ್ಮಾತ್ತಾಗಿ ಸಿಗುತ್ತಿದ್ದ ಶಾಟುಗಳು ತಪ್ಪಿಹೋಗುತ್ತವೆ. ಲಾಗ್ ಮಾಡುವಾಗ ದೃಶ್ಯಕ್ಕೆ ಏನು ಬೇಕಾಗುತ್ತದೆ ಅಂತ ಪೂರ್ತಿ ಗೊತ್ತಿರೋದಿಲ್ಲವಲ್ಲ. ಅದಕ್ಕೇ ಮೊದಲ ಜೋಡಣೆ ಮುಗಿದಮೇಲೆ ಒಂದು ಸಂಜೆ ಎತ್ತಿಟ್ಟು, ಯಾವ ಗುರುತೂ ಇಲ್ಲದ ತುಂಡುಗಳನ್ನು ಮಾತ್ರ ಸೋಸಿ ಓಡಿಸುತ್ತೇನೆ. ಆ ಅಡುಗೆಕೋಣೆ ದೃಶ್ಯದ ಕೊನೆಯ ಶಾಟ್, ಕಟ್ ಅಂದಮೇಲೂ ಕ್ಯಾಮೆರಾ ಓಡುತ್ತಿದ್ದಾಗ ಸಿಕ್ಕಿದ ಖಾಲಿ ಲೋಟ, ಬಂದದ್ದು ಅಲ್ಲಿಂದ.