ಕೆರೆಯ ತಳ ಸೋರಲಿ ಬಿಡಿ

ಅಹಮದಾಬಾದಿನ ವಸ್ತ್ರಾಪುರ ಕೆರೆ ಬತ್ತಿದಾಗಲೆಲ್ಲ ಕೇಳುವ ಮಾತು ಒಂದೇ: ತಳಕ್ಕೆ ಹಾಸು ಹಾಕಿ, ನರ್ಮದೆಯ ನೀರು ತುಂಬಿಸಿ. ನಾನಿದನ್ನು ಒಪ್ಪುವುದಿಲ್ಲ. ಇಲ್ಲಿಯದು ನದಿ ತಂದು ಹಾಸಿದ ಮರಳುಮಣ್ಣು. ನಮ್ಮೂರ ಕೆರೆಯ ಜೇಡಿಯಂತೆ ನೀರು ಹಿಡಿಯದು. ಇಂಗಿದ್ದು ನಷ್ಟವಲ್ಲ, ನೆಲದ ಖಾತೆಗೆ ಜಮೆ. ತಳ ಮುಚ್ಚಿದರೆ ಉಳಿಯುವುದು ದೊಡ್ಡ ಈಜುಕೊಳ: ದಡದಲ್ಲಿ ಒಂದಿಷ್ಟು ತಂಪು, ಬಿಲ್ಡರನಿಗೆ ‘ಲೇಕ್ ವ್ಯೂ’ ಬೆಲೆ, ಅಂತರ್ಜಲಕ್ಕೆ ಸೊನ್ನೆ.

ದೋಷ ತಳದಲ್ಲಿಲ್ಲ, ನೀರು ಬರುವ ದಾರಿಯಲ್ಲಿದೆ. ಮಳೆನೀರು ಹರಿದು ಬರುತ್ತಿದ್ದ ಹೊಲಗಳ ಮೇಲೆ ಈಗ ಅಪಾರ್ಟ್‌ಮೆಂಟುಗಳಿವೆ. 1,000 ಚದರ ಮೀಟರ್ ತಾರಸಿಗೆ 700 ಮಿ.ಮೀ. ಮಳೆ ಬಿದ್ದರೆ 7 ಲಕ್ಷ ಲೀಟರ್. ಅದನ್ನು ಚರಂಡಿಗೆ ಬಿಟ್ಟು ದೂರದ ನದಿಯಿಂದ ನೀರು ತರುವುದು ಯಾವ ಲೆಕ್ಕ? ಕೆರೆಯ ಹೆಸರಲ್ಲಿ ಹೆಚ್ಚು ಬೆಲೆ ಪಡೆದವರೇ ತಾರಸಿಯ ನೀರನ್ನು ಹೂಳುಗುಂಡಿಯಲ್ಲಿ ತಿಳಿಯಾಗಿಸಿ ಕೆರೆಗೆ ಕಳಿಸಲಿ. ಕೊಳಚೆ ಮಾತ್ರ ಬೆರೆಯಕೂಡದು. ಮರಳು ಅದನ್ನೂ ಕೆಳಗಿಳಿಸುತ್ತದೆ.

ಇಂಗಿದ ನೀರು ಮೊದಲು ಸೇರುವುದು ಮೇಲಿನ ಪದರವನ್ನು. ಜೇಡಿಯ ಕೆಳಗಿನ ಆಳದ ಬೋರ್‌ವೆಲ್ಲಿಗೆ ಬೇಗ ತಲುಪದು. ಆದ್ದರಿಂದ ಹತ್ತಿರದ ತೆರೆದ ಬಾವಿಯ ಮಟ್ಟವನ್ನು ಮೇ ಮತ್ತು ನವೆಂಬರಿನಲ್ಲಿ ಅಳೆಯಿರಿ. ಕೆರೆಯನ್ನು ತೂಗಬೇಕಾದ್ದು ಆ ಅಳತೆಯಿಂದ, ಬಾಲ್ಕನಿಯಿಂದಲ್ಲ.